ಸೀಮೆನ್ ಅನಾಲಿಸಿಸ್: ಯಾವ ತಪ್ಪು ಯಾವ ಅಂಕಿಯನ್ನು ಕೆಡಿಸುತ್ತದೆ

ಸೀಮೆನ್ ಅನಾಲಿಸಿಸ್ ಅಂದರೆ ವೀರ್ಯ ಪರೀಕ್ಷೆ. ಮದುವೆಯಾಗಿ ವರ್ಷ ಕಳೆದರೂ ಮಗುವಾಗದಿದ್ದಾಗ ಗಂಡನಿಗೆ ಬರೆದುಕೊಡುವ ಮೊದಲ ಟೆಸ್ಟ್ ಇದು. ವೀರ್ಯ ಎಷ್ಟಿದೆ, ಅದರಲ್ಲಿ ವೀರ್ಯಾಣು ಎಷ್ಟಿವೆ, ಎಷ್ಟು ಓಡಾಡುತ್ತಿವೆ, ಆಕಾರ ಹೇಗಿದೆ ಎಂದು ಮೈಕ್ರೋಸ್ಕೋಪಿನಲ್ಲಿ ನೋಡಿ ಬರೆಯುತ್ತಾರೆ. ತುಮಕೂರಿನಲ್ಲಿ ಹದಿನೆಂಟು ವರ್ಷದಿಂದ ಲ್ಯಾಬ್ ಟೆಕ್ನಿಷಿಯನ್ ಆಗಿರುವ ನಾನು ದಿನವೂ ಮಾಡುವ ಕೆಲಸ. ಎಣಿಸುವುದು ಕಷ್ಟವಲ್ಲ. ಡಬ್ಬಿ ನನ್ನ ಕೈಗೆ ಬರುವ ಮೊದಲೇ ಅಂಕಿ ಕೆಟ್ಟಿರುತ್ತದಲ್ಲ, ಅದೇ ತಲೆನೋವು.

ಒಂದು ಉದಾಹರಣೆ ಹೇಳುತ್ತೇನೆ. ಪಾವಗಡದ ಕಡೆಯವರು, ವಯಸ್ಸು ಮೂವತ್ತೊಂದು. ಬೆಳಿಗ್ಗೆ ಆರಕ್ಕೆ ಮನೆಯಲ್ಲೇ ಸ್ಯಾಂಪಲ್ ತೆಗೆದು, ಡಬ್ಬಿಯನ್ನು ಊಟದ ಬ್ಯಾಗಿನಲ್ಲಿಟ್ಟುಕೊಂಡು ಬಸ್ ಹತ್ತಿದ್ದರು. ಲ್ಯಾಬ್ ಮುಟ್ಟಿದಾಗ ಒಂಬತ್ತು ಗಂಟೆ. ಡಿಸೆಂಬರ್ ಚಳಿ ಬೇರೆ. ಅವರ ರಿಪೋರ್ಟ್ ಹೀಗೆ ಬಂತು: ಪ್ರಮಾಣ 0.8 ಮಿ.ಲೀ., ಕೌಂಟ್ ಒಂದು ಮಿ.ಲೀ.ಗೆ 11 ಮಿಲಿಯನ್, ಓಡಾಟ 19 ಪರ್ಸೆಂಟ್. ಕಾಗದ ಕೈಗೆ ಬಂದ ಕೂಡಲೇ ಅವರು ಕೇಳಿದ್ದು, "ಹನ್ನೊಂದೇನಾ ಸಾರ್ ಇರೋದು?"

ಮೊದಲು ಈ ಗೊಂದಲ ಬಿಡಿಸೋಣ. ಒಂದು ಮಿಲಿಯನ್ ಅಂದರೆ ಹತ್ತು ಲಕ್ಷ. 11 ಮಿಲಿಯನ್ ಅಂದರೆ ಒಂದು ಮಿ.ಲೀ.ನಲ್ಲಿ ಒಂದು ಕೋಟಿ ಹತ್ತು ಲಕ್ಷ. ಅದನ್ನು ಪ್ರಮಾಣದಿಂದ ಗುಣಿಸಿದರೆ ಸಿಗುವುದೇ ಒಟ್ಟು ಕೌಂಟ್. ಇವರದು 0.8 ಮಿ.ಲೀ. ಇದ್ದದ್ದರಿಂದ ಒಟ್ಟು ಎಂಬತ್ತೆಂಟು ಲಕ್ಷ. ಇದು ಕಡಿಮೆಯೇ, ಸುಳ್ಳು ಹೇಳುವುದಿಲ್ಲ. ಆದರೆ ಆ ಕಡಿಮೆ ಅವರ ದೇಹದ್ದೋ, ಬಸ್ಸಿನದೋ, ಡಬ್ಬಿಯದೋ ಅನ್ನೋದು ಪ್ರಶ್ನೆ. ಕೂರಿಸಿಕೊಂಡು ಮಾತಾಡಿಸಿದಾಗ ಮೂರು ವಿಷಯ ಹೊರಬಂದವು. ಮೊದಲ ಹನಿಗಳು ಡಬ್ಬಿಗೆ ಬೀಳದೆ ಆಚೆ ಹೋಗಿದ್ದವು. ಸ್ಯಾಂಪಲ್ ಮೂರು ಗಂಟೆ ಚಳಿಯಲ್ಲಿ ಪ್ರಯಾಣ ಮಾಡಿತ್ತು. ಏಳು ವಾರದ ಹಿಂದೆ ಅವರಿಗೆ ಡೆಂಗಿ ಬಂದು ನಾಲ್ಕೈದು ದಿನ ಮೈ ಕೆಂಡವಾಗಿತ್ತು.

ಮೊದಲ ಹನಿ ಯಾಕೆ ಅಷ್ಟು ಮುಖ್ಯ? ವೀರ್ಯ ಒಂದೇ ಜಾಗದಿಂದ ಬರುವ ದ್ರವ ಅಲ್ಲ. ಮೊದಲು ಹೊರಬರುವ ಭಾಗದಲ್ಲೇ ವೀರ್ಯಾಣುಗಳು ಜಾಸ್ತಿ ಇರುತ್ತವೆ. ಆಮೇಲೆ ಬರುವುದು ಹೆಚ್ಚಾಗಿ ಸೆಮಿನಲ್ ವೆಸಿಕಲ್ ಅನ್ನುವ ಗ್ರಂಥಿಯ ದ್ರವ. ಅದು ಪ್ರಮಾಣವನ್ನು ಹೆಚ್ಚಿಸುತ್ತದೆ, ಅದರಲ್ಲಿ ವೀರ್ಯಾಣು ಕಡಿಮೆ. ಹಾಗಾಗಿ ಕೊನೆಯ ಹನಿ ಚೆಲ್ಲಿದರೆ ಮುಖ್ಯವಾಗಿ ಪ್ರಮಾಣ ತಗ್ಗುತ್ತದೆ. ಮೊದಲ ಹನಿ ಚೆಲ್ಲಿದರೆ ಕೌಂಟೇ ಬಿದ್ದುಹೋಗುತ್ತದೆ. ಅರ್ಧ ಚಮಚ ದ್ರವದ ಟೆಸ್ಟ್ ಇದು, ನಾಲ್ಕು ಹನಿ ಹೋದರೂ ಲೆಕ್ಕ ತಪ್ಪುತ್ತದೆ. ಚೆಲ್ಲಿದ್ದರೆ ನಾಚಿಕೆ ಬಿಟ್ಟು "ಮೊದಲ ಭಾಗ ಹೋಯಿತು" ಎಂದು ಹೇಳಿ, ನಾವು ರಿಪೋರ್ಟಿನಲ್ಲಿ ಬರೆಯುತ್ತೇವೆ. ಚೆಲ್ಲಿದ್ದನ್ನು ನೆಲದಿಂದ ಬಳಿದು ಡಬ್ಬಿಗೆ ಹಾಕಿ ತಂದವರೂ ಇದ್ದಾರೆ. ದಯವಿಟ್ಟು ಬೇಡ.

ಪ್ರಯಾಣದ ಕತೆ ಬೇರೆ. ತಡವಾದರೆ ಕೌಂಟ್ ಕಡಿಮೆಯಾಗುವುದಿಲ್ಲ. ಸತ್ತ ವೀರ್ಯಾಣುವನ್ನೂ ನಾವು ಎಣಿಸುತ್ತೇವಲ್ಲ. ಕಡಿಮೆಯಾಗುವುದು ಓಡಾಟ, ಅಂದರೆ ರಿಪೋರ್ಟಿನಲ್ಲಿ ಮೊಟಿಲಿಟಿ ಎಂದು ಬರೆದಿರುವುದು. ಸ್ಯಾಂಪಲ್ ಅರ್ಧ ಗಂಟೆಯೊಳಗೆ, ತಪ್ಪಿದರೆ ಒಂದು ಗಂಟೆಯೊಳಗೆ ಲ್ಯಾಬ್ ಸೇರಬೇಕು. ಪಾವಗಡದಿಂದ ತುಮಕೂರಿಗೆ ಅದು ಆಗುವ ಮಾತಲ್ಲ, ಸುಮಾರು ನೂರು ಕಿಲೋಮೀಟರ್. ಅಂಥವರು ಲ್ಯಾಬಿನಲ್ಲೇ ಸ್ಯಾಂಪಲ್ ಕೊಡುವುದೇ ದಾರಿ. ಊರಲ್ಲೇ ಇರುವವರು ಮನೆಯಿಂದ ತರಬಹುದು. ಡಬ್ಬಿಯನ್ನು ನೆಟ್ಟಗೆ, ಅಂಗಿಯ ಒಳಜೇಬಿನಲ್ಲಿ ಮೈಗೆ ತಾಗುವಂತೆ ಇಟ್ಟುಕೊಂಡು ಬನ್ನಿ. ಫ್ರಿಜ್ ಬೇಡ, ಐಸ್ ಬೇಡ, ಬಿಸಿಲಿಗೆ ನಿಂತ ಕಾರಿನ ಡ್ಯಾಶ್‌ಬೋರ್ಡೂ ಬೇಡ. ರಕ್ತ, ಮೂತ್ರ ಫ್ರಿಜ್‌ನಲ್ಲಿ ಇಡ್ತಾರಲ್ವಾ ಎಂದು ಇದನ್ನೂ ಇಟ್ಟು ತರುವವರಿದ್ದಾರೆ. ಚಳಿಗೆ ವೀರ್ಯಾಣು ಮುದುಡಿ ಕೂರುತ್ತದೆ, ನಮ್ಮ ರಿಪೋರ್ಟಿನಲ್ಲಿ ಅದು ರೋಗದಂತೆ ಕಾಣುತ್ತದೆ.

ಲ್ಯಾಬಿನ ರೂಮಿನ ಬಗ್ಗೆ ಒಂದು ಮಾತು. ನಾನು ಮೊದಲು ಕೆಲಸ ಮಾಡಿದ ಜಾಗದಲ್ಲಿ ಇದಕ್ಕೆಂದು ರೂಮೇ ಇರಲಿಲ್ಲ. ಎಲ್ಲರೂ ಹೋಗುವ ಟಾಯ್ಲೆಟ್ಟಿಗೆ ಕಳಿಸುತ್ತಿದ್ದರು, ಅದರ ಚಿಲಕವೂ ಸರಿಯಿರಲಿಲ್ಲ. ಒಂದು ಕೈ ಬಾಗಿಲಿಗೆ, ಒಂದು ಕೈ ಡಬ್ಬಿಗೆ. ಹೊರಗೆ ಯಾರೋ ದಬದಬ ಬಡಿಯುವುದು. ಹಾಗೆ ಬಂದ ಸ್ಯಾಂಪಲ್‌ಗಳಲ್ಲಿ ಅರ್ಧ ಚೆಲ್ಲಿರುತ್ತಿತ್ತು. ಫೋನ್ ಮಾಡಿ "ಬೇರೆ ರೂಮ್ ಇದೆಯಾ" ಎಂದು ಮೊದಲೇ ಕೇಳಿಕೊಳ್ಳಿ, ಅದರಲ್ಲಿ ಸಂಕೋಚ ಏನಿಲ್ಲ. ತೆಗೆಯುವ ರೀತಿ ಸರಳ. ಮೂತ್ರ ಮಾಡಿ, ಕೈ ಮತ್ತು ಶಿಶ್ನವನ್ನು ಸೋಪಿನಿಂದ ತೊಳೆದು, ಸೋಪು ಉಳಿಯದಂತೆ ನೀರು ಹಾಕಿ, ಪೂರ್ತಿ ಒರೆಸಿಕೊಂಡು, ಹಸ್ತಮೈಥುನದಿಂದ ನೇರವಾಗಿ ಲ್ಯಾಬ್ ಕೊಟ್ಟ ಅಗಲಬಾಯಿಯ ಡಬ್ಬಿಗೆ. ಎಂಜಲು, ಕೊಬ್ಬರಿ ಎಣ್ಣೆ, ಕ್ರೀಮ್ ಯಾವುದೂ ತಾಗಬಾರದು. ಅಂಗಡಿಯ ಕಾಂಡೋಮಿನಲ್ಲಿ ತಂದರೆ ಕೆಲಸಕ್ಕೆ ಬರುವುದಿಲ್ಲ, ಅದರಲ್ಲಿರುವ ಪದಾರ್ಥವೇ ವೀರ್ಯಾಣುವಿಗೆ ವಿಷ. ಹಸ್ತಮೈಥುನ ಆಗುವುದೇ ಇಲ್ಲ ಎನ್ನುವವರಿಗೆ ಈ ಟೆಸ್ಟಿಗೆಂದೇ ಮಾಡಿದ ಬೇರೆ ಕಾಂಡೋಮ್ ಇದೆ, ಡಾಕ್ಟರನ್ನು ಕೇಳಿ.

ಇನ್ನು ಫಾರ್ಮಿನಲ್ಲಿ 'ಅಬ್ಸ್ಟಿನೆನ್ಸ್' ಎಂಬ ಖಾನೆ ಇರುತ್ತದೆ. ಕೊನೆಯ ಸಲ ವೀರ್ಯ ಹೋಗಿ ಎಷ್ಟು ದಿನವಾಯಿತು ಎಂದು ಅರ್ಥ. ಹೆಂಡತಿಯ ಜೊತೆ ಸೇರಿದ್ದು ಮಾತ್ರವಲ್ಲ, ಹಸ್ತಮೈಥುನ, ನಿದ್ದೆಯಲ್ಲಿ ಹೋದದ್ದು ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಎರಡು ದಿನಕ್ಕಿಂತ ಕಡಿಮೆ ಬೇಡ, ಏಳು ದಿನಕ್ಕಿಂತ ಜಾಸ್ತಿ ಬೇಡ. ಒಂದೇ ದಿನ ಬಿಟ್ಟರೆ ಪ್ರಮಾಣ ಮತ್ತು ಒಟ್ಟು ಕೌಂಟ್ ಕಡಿಮೆ ಕಾಣುತ್ತದೆ. ಜಾಸ್ತಿ ದಿನ ಬಿಟ್ಟರೆ ಅವೆರಡೂ ಏರುತ್ತವೆ, ಆದರೆ ಹಳೆಯ ವೀರ್ಯಾಣುಗಳು ಸೇರಿಕೊಂಡು ಓಡಾಟ ಇಳಿಯುತ್ತದೆ. ಒಂದು ಹನಿ ವೀರ್ಯಕ್ಕೆ ನಲವತ್ತು ಹನಿ ರಕ್ತ ಎಂದು ನಂಬಿಕೊಂಡು, ಬ್ಯಾಂಕಿನಲ್ಲಿ ದುಡ್ಡು ಕೂಡಿಟ್ಟಂತೆ ಇಪ್ಪತ್ತು ದಿನ ಕೂಡಿಟ್ಟು ಬರುವವರನ್ನು ನಾನು ನೋಡಿದ್ದೇನೆ. ಕೂಡಿಟ್ಟರೆ ಬಡ್ಡಿ ಬರುವುದಿಲ್ಲ. ಎರಡನೇ ಸಲ ಟೆಸ್ಟ್ ಮಾಡಿಸುವಾಗ ಮೊದಲ ಸಲ ಬಿಟ್ಟಷ್ಟೇ ದಿನ ಬಿಡಿ. ಮೊದಲು ಎರಡು ದಿನ, ಆಮೇಲೆ ಏಳು ದಿನ ಬಿಟ್ಟು, ನಡುವೆ ನುಂಗಿದ ಪುಡಿಯಿಂದ ಕೌಂಟ್ ಏರಿತು ಎನ್ನುವವರ ಲೆಕ್ಕ ಅಲ್ಲಿಗೇ ಕೆಟ್ಟಿರುತ್ತದೆ.

ಮತ್ತೆ ಪಾವಗಡದವರ ಡೆಂಗಿಗೆ ಬರೋಣ. ಒಂದು ವೀರ್ಯಾಣು ತಯಾರಾಗಿ ಹೊರಬರಲು ಎರಡೂವರೆಯಿಂದ ಮೂರು ತಿಂಗಳು ಬೇಕು. ಇವತ್ತಿನ ಸ್ಯಾಂಪಲ್‌ನಲ್ಲಿ ಕಾಣುವುದು ಮೂರು ತಿಂಗಳ ಹಿಂದೆ ಶುರುವಾದ ಕೆಲಸ. ಜೋರು ಜ್ವರ ಬಂದರೆ ಆ ಕೆಲಸ ಮಧ್ಯದಲ್ಲೇ ಕೆಡುತ್ತದೆ. ಆಗ ಕೌಂಟ್, ಓಡಾಟ, ಆಕಾರ ಮೂರೂ ಇಳಿಯುತ್ತವೆ. ಅದು ಗೊತ್ತಾಗುವ ಹೊತ್ತಿಗೆ ಜ್ವರ ಮರೆತೇ ಹೋಗಿರುತ್ತದೆ. ಮೂರು ತಪ್ಪಿನಲ್ಲಿ ಯಾವುದು ಎಷ್ಟು ಕೆಡಿಸಿತು ಎಂದು ಒಂದೇ ರಿಪೋರ್ಟಿನಿಂದ ಬಿಡಿಸಿ ಹೇಳಲು ಆಗುವುದಿಲ್ಲ. ಅವರ ಡಾಕ್ಟರು ಮಾತ್ರೆ ಬರೆಯದೆ, ಮೂರು ತಿಂಗಳು ಬಿಟ್ಟು ಇನ್ನೊಮ್ಮೆ ಮಾಡಿಸಿ ಎಂದರು. ಕೌಂಟ್ ಸೊನ್ನೆ ಎಂದು ಬಂದವರಿಗೂ ಇದೇ ಮಾತು: ಸ್ಯಾಂಪಲ್ಲನ್ನು ಮೆಷಿನ್ನಿನಲ್ಲಿ ತಿರುಗಿಸಿ ತಳದಲ್ಲಿ ಕೂತದ್ದನ್ನು ನೋಡಿದ್ದಾರಾ ಎಂದು ಕೇಳಿ, ಇನ್ನೊಂದು ಸ್ಯಾಂಪಲ್ ಕೊಡದೆ ಆ ಸೊನ್ನೆಯನ್ನು ಒಪ್ಪಬೇಡಿ.

ಎರಡನೇ ಸಲ ಅವರು ಹಿಂದಿನ ರಾತ್ರಿಯೇ ತುಮಕೂರಿಗೆ ಬಂದು ನೆಂಟರ ಮನೆಯಲ್ಲಿ ಉಳಿದು, ಬೆಳಿಗ್ಗೆ ಲ್ಯಾಬಿನಲ್ಲೇ ಸ್ಯಾಂಪಲ್ ಕೊಟ್ಟರು. ಫಾರ್ಮನ್ನು ತಾವೇ ತುಂಬಿದ್ದರು: ನಾಲ್ಕು ದಿನ, ಚೆಲ್ಲಿಲ್ಲ, ಜ್ವರ ಬಂದು ಐದು ತಿಂಗಳಾಗುತ್ತಾ ಬಂತು. ವೀರ್ಯ ಮೊದಲು ಗಂಜಿಯಂತೆ ಗಟ್ಟಿಯಾಗಿತ್ತು, ಇಪ್ಪತ್ತೈದು ನಿಮಿಷಕ್ಕೆ ನೀರಾಯಿತು. ಎಲ್ಲರಿಗೂ ಹಾಗೇ ಆಗಬೇಕು. ನೀರಾದದ್ದನ್ನು ನೋಡಿ ಶಕ್ತಿಯಿಲ್ಲ ಎಂದುಕೊಳ್ಳುವುದು ತಪ್ಪು. ಪ್ರಮಾಣ 2.1 ಮಿ.ಲೀ., ಕೌಂಟ್ ಒಂದು ಮಿ.ಲೀ.ಗೆ 24 ಮಿಲಿಯನ್, ಒಟ್ಟು ಐದು ಕೋಟಿ ದಾಟಿತು. ಓಡಾಟ 51 ಪರ್ಸೆಂಟ್.

ಆದರೂ ಅವರ ಮುಖ ಅರಳಲಿಲ್ಲ. ಮಾರ್ಫಾಲಜಿ 3 ಪರ್ಸೆಂಟ್ ಎಂದಿತ್ತು, ಪಕ್ಕದಲ್ಲಿ 4 ಎಂದು ಮಿತಿ ಅಚ್ಚಾಗಿತ್ತು.

"ನೂರಕ್ಕೆ ತೊಂಬತ್ತೇಳು ಕೆಟ್ಟಿದೆ ಅಂತಾಯ್ತಲ್ಲ ಸಾರ್. ಹುಟ್ಟೋ ಮಗು?"

ಮಾರ್ಫಾಲಜಿ ಎಂದರೆ ಆಕಾರ. ತಲೆ, ಕುತ್ತಿಗೆ, ಬಾಲ ಎಲ್ಲವೂ ಅಳತೆಗೆ ಸರಿಯಾಗಿದ್ದರೆ ಮಾತ್ರ ನಾರ್ಮಲ್ ಎಂದು ಬರೆಯುತ್ತೇವೆ. ಆ ಅಳತೆ ಬಹಳ ಬಿಗಿ, ಮಕ್ಕಳಿರುವ ಗಂಡಸರಲ್ಲೂ ಬಹುಪಾಲು ವೀರ್ಯಾಣು ಅದರಲ್ಲಿ ಪಾಸಾಗುವುದಿಲ್ಲ. ತಲೆ ಸ್ವಲ್ಪ ಉದ್ದವಾದ ವೀರ್ಯಾಣುವಿನಿಂದ ಅಂಗವಿಕಲ ಮಗು ಹುಟ್ಟುತ್ತದೆ ಎಂದು ಈ ಅಂಕಿ ಹೇಳುವುದಿಲ್ಲ.

ಆ 4 ಎಲ್ಲಿಂದ ಬಂತು ಎಂಬುದನ್ನೂ ಹೇಳಬೇಕು. ಒಂದು ವರ್ಷದೊಳಗೆ ಹೆಂಡತಿ ಬಸುರಾದ ಗಂಡಸರ ಅಂಕಿಗಳನ್ನು ವಿಶ್ವ ಆರೋಗ್ಯ ಸಂಸ್ಥೆ ಕಡಿಮೆಯಿಂದ ಜಾಸ್ತಿಗೆ ಸಾಲಾಗಿ ಜೋಡಿಸಿತು. ಕೆಳಗಿನಿಂದ ನೂರಕ್ಕೆ ಐದನೆಯವನ ಹತ್ತಿರ ಗೆರೆ ಎಳೆಯಿತು. ಆ ಗೆರೆಯ ಕೆಳಗಿದ್ದ ಐದು ಜನರೂ ಅಪ್ಪಂದಿರೇ! ಈ ಟೆಸ್ಟಿನ ಬಗ್ಗೆ ಆ ಸಂಸ್ಥೆ ತರುವ ಕೈಪಿಡಿಯ 2021ರ ಆರನೇ ಆವೃತ್ತಿಯಲ್ಲಿ ಈ ಗೆರೆ ಪ್ರಮಾಣಕ್ಕೆ 1.4 ಮಿ.ಲೀ., ಕೌಂಟಿಗೆ 16 ಮಿಲಿಯನ್, ಒಟ್ಟು ಕೌಂಟಿಗೆ 39 ಮಿಲಿಯನ್, ಓಡಾಟಕ್ಕೆ 42 ಪರ್ಸೆಂಟ್. 1999ರಲ್ಲಿ ಕೌಂಟಿನ ಗೆರೆ 20 ಇತ್ತು, 2010ರಲ್ಲಿ 15. ಹಳೆಯ ಫಾರ್ಮನ್ನೇ ಅಚ್ಚು ಹಾಕಿಸುವ ಲ್ಯಾಬಿನಲ್ಲಿ 18 ಬಂದರೆ 'ಕಡಿಮೆ' ಎಂದು ದಪ್ಪ ಅಕ್ಷರದಲ್ಲಿ ಬರುತ್ತದೆ, ಪಕ್ಕದ ಬೀದಿಯ ಲ್ಯಾಬಿನಲ್ಲಿ ಅದೇ 18 ಸುಮ್ನೆ ಇರುತ್ತದೆ. ಗೆರೆ ದಾಟಿದವರಿಗೂ ಮಗುವಿನ ಗ್ಯಾರಂಟಿ ಇಲ್ಲ. ವೀರ್ಯಾಣು ಮೊಟ್ಟೆಯೊಳಗೆ ಹೋಗಬಲ್ಲದೋ ಇಲ್ಲವೋ ಎಂಬುದನ್ನು ಈ ಟೆಸ್ಟ್ ನೋಡುವುದೇ ಇಲ್ಲ.

ಅದೇ ಕಾಗದದಲ್ಲಿ 'ಪಸ್ ಸೆಲ್ಸ್ 3–4' ಎಂಬ ಸಾಲೂ ಇತ್ತು. ಕೀವು ಎಂದು ಓದಿಕೊಂಡು ಮೆಡಿಕಲ್ ಸ್ಟೋರಿನಲ್ಲಿ ಆಂಟಿಬಯಾಟಿಕ್ ಕೇಳಬೇಡಿ. ಪೂರ್ತಿ ಬೆಳೆಯದ ವೀರ್ಯಾಣುಗಳೂ ಮೈಕ್ರೋಸ್ಕೋಪಿನಲ್ಲಿ ಹಾಗೇ ದುಂಡಗೆ ಕಾಣುತ್ತವೆ. ಬೇರೆ ಬಣ್ಣ ಹಾಕಿ ನೋಡದೆ ಕೀವಿನ ಕಣ ಯಾವುದು, ಇದು ಯಾವುದು ಎಂದು ಹೇಳಲು ನನಗೂ ಆಗುವುದಿಲ್ಲ.

ಅವರು ಎರಡೂ ರಿಪೋರ್ಟುಗಳನ್ನು ಒಂದರ ಮೇಲೊಂದು ಇಟ್ಟುಕೊಂಡು ಡಾಕ್ಟರ ರೂಮಿಗೆ ಹೋದರು. ಹತ್ತು ನಿಮಿಷಕ್ಕೆ ಹೊರಬಂದು, ಬೆಂಚಿನ ಮೇಲೆ ಕಾಯುತ್ತಿದ್ದ ಹೆಂಡತಿಗೆ, "ನನ್ನದು ಇಷ್ಟಕ್ಕೆ ಸಾಕಂತೆ. ನಿಂಗೆ ಸ್ಕ್ಯಾನ್ ಬರ್ಕೊಟ್ಟಿದಾರೆ, ಮುಟ್ಟಾದ ಎಷ್ಟನೇ ದಿನ ಅಂತ ಕೇಳ್ತಿದಾರೆ ಬಾ" ಎಂದರು.