ಉಣಗೋಲಿನ ಕ್ಯಾಮೆರಾ ರಾತ್ರಿ ಮಾತ್ರ ಏಕೆ ಆರುತ್ತಿತ್ತು?

ಶಿರಸಿ ಸೀಮೆಯ ನಮ್ಮ ಭಾವನ ಮನೆಯಲ್ಲಿ ಚಾಲಿ ಒಣಗುವ ಕಾಲಕ್ಕೆ ನಾಲ್ಕು ಕ್ಯಾಮೆರಾಗಳು ಬಂದವು. ಅಂಗಳಕ್ಕೆ, ಕೊಟ್ಟಿಗೆಗೆ, ಅಡಿಕೆ ಉಗ್ರಾಣಕ್ಕೆ ಒಂದೊಂದು ಸಾದಾ ಕ್ಯಾಮೆರಾ. ಉಣಗೋಲಿನ ಬಳಿ, ಓಡಾಟ ಕಂಡ ಕಡೆಗೆ ತಾನೇ ತಿರುಗುವ ದೊಡ್ಡದೊಂದು. ಎಲ್ಲಕ್ಕೂ ಪವರ್ ಓವರ್ ಈಥರ್ನೆಟ್, ಅಂದರೆ ಚಿತ್ರ ತರುವ ಕೇಬಲ್ಲಿನಲ್ಲೇ ವಿದ್ಯುತ್ತೂ ಹೋಗುವ ಏರ್ಪಾಡು. ಈ ಕೇಬಲ್‌ಗಳೆಲ್ಲ ಬಂದು ಸೇರುವ ನೆಟ್‌ವರ್ಕ್ ಸ್ವಿಚ್ ಮನೆಯ ಅಟ್ಟದಲ್ಲಿತ್ತು; ನಾಲ್ಕಕ್ಕೂ ಕರೆಂಟ್ ಕೊಡುತ್ತಿದ್ದುದು ಅದೇ. ಹಗಲಿಡೀ ಎಲ್ಲ ಸರಿ. ಕತ್ತಲಾದ ಮೇಲೆ ಉಣಗೋಲಿನ ಕ್ಯಾಮೆರಾ ತಿರುಗಲು ಹೊರಟಾಗಲೆಲ್ಲ ಆರಿಹೋಗುತ್ತಿತ್ತು. ಒಂದೆರಡು ನಿಮಿಷಕ್ಕೆ ಮತ್ತೆ ಜೀವ ಬರುತ್ತಿತ್ತು, ಮತ್ತೆ ಆರುತ್ತಿತ್ತು.

ಸ್ವಿಚ್ಚಿನ ಡಬ್ಬದ ಮೇಲೆ ಪ್ರತಿ ಪೋರ್ಟಿಗೆ 30 ವ್ಯಾಟ್ ಎಂದು ಬರೆದಿತ್ತು. ಅದು ಒಂದು ಪೋರ್ಟ್ ಗರಿಷ್ಠ ಎಷ್ಟು ಕೊಡಬಲ್ಲದು ಎಂಬ ಲೆಕ್ಕ. ಎಲ್ಲ ಪೋರ್ಟ್‌ಗಳೂ ಸೇರಿ ಹಂಚಿಕೊಳ್ಳಬೇಕಾದ ಒಟ್ಟು ಶಕ್ತಿ ಬೇರೆ. ಈ ಸ್ವಿಚ್ಚಿನಲ್ಲಿ ಅದು 40 ವ್ಯಾಟ್. ಬಜೆಟ್ ಎಂದು ಕರೆಯುವುದು ಇದನ್ನೇ. ಸಾದಾ ಕ್ಯಾಮೆರಾಗಳಿಗೆ ಹೆಚ್ಚೆಂದರೆ ತಲಾ 7 ವ್ಯಾಟ್, ದೊಡ್ಡದಕ್ಕೆ 18, ಒಟ್ಟು 39. ಮಾರಿದವರು 40ರೊಳಗೆ ಕುಳಿತಿತೆಂದು ನಿಶ್ಚಿಂತರಾಗಿದ್ದರು. ಹಗಲಿನಲ್ಲಿ ಅದರ ಅರ್ಧದಷ್ಟೂ ಬೇಕಾಗುತ್ತಿರಲಿಲ್ಲ. ಕತ್ತಲಲ್ಲಿ ಇನ್‌ಫ್ರಾರೆಡ್ ದೀಪಗಳು ಹೊತ್ತಿಕೊಂಡು ಮೋಟಾರೂ ತಿರುಗಿದಾಗಲೇ ಕ್ಯಾಮೆರಾದ ಡಬ್ಬದ ಮೇಲಿನ ಪೂರ್ತಿ ಅಂಕಿ ನಿಜವಾಗುತ್ತದೆ.

ಆದರೂ 39 ಎಂಬುದು 40ಕ್ಕಿಂತ ಕಡಿಮೆಯಲ್ಲವೇ? ಇಲ್ಲಿಯೇ ಕೇಬಲ್ಲಿನ ಉದ್ದ ಲೆಕ್ಕದೊಳಗೆ ಬರುತ್ತದೆ. 39 ವ್ಯಾಟ್ ಎಂಬುದು ಕ್ಯಾಮೆರಾಗಳಿಗೆ ತಲುಪಬೇಕಾದದ್ದು. ಬಜೆಟ್ ಖರ್ಚಾಗುವುದು ಸ್ವಿಚ್ಚಿನ ತುದಿಯಲ್ಲಿ. ನಡುವೆ ತಂತಿಯೇ ಬಿಸಿಯಾಗಿ ಒಂದಷ್ಟನ್ನು ತಿನ್ನುತ್ತದೆ. ಉಣಗೋಲು ಕಣ್ಣಳತೆಗೆ 80 ಮೀಟರ್ ಇದ್ದರೂ, ಅಟ್ಟದಿಂದಿಳಿದು ಗೋಡೆ ಸುತ್ತಿ ಉಗ್ರಾಣದ ಮಾಡಿನಡಿ ಹಾದುಹೋದ ಕೇಬಲ್ 118 ಮೀಟರ್ ಇತ್ತು. ಶುದ್ಧ ತಾಮ್ರವಾಗಿದ್ದರೆ ಹೋಗಿಬರುವ ದಾರಿಯ ರೋಧ ಸುಮಾರು 11 ಓಮ್ ಆಗುತ್ತಿತ್ತು. ಚೂರಿಯಿಂದ ತಂತಿ ಕೆರೆದು ನೋಡಿದೆ; ಕೆಂಪು ಲೇಪದೊಳಗೆ ಬೆಳ್ಳಗಿನ ಅಲ್ಯುಮಿನಿಯಂ. ಇದರ ರೋಧ ತಾಮ್ರದ ಒಂದೂವರೆ ಪಟ್ಟು, ಹಾಗಾಗಿ ಸುಮಾರು 17 ಓಮ್. ಸ್ವಿಚ್ 50 ವೋಲ್ಟ್ ಕೊಟ್ಟಾಗ 18 ವ್ಯಾಟಿನ ಕ್ಯಾಮೆರಾ 0.42 ಆಂಪಿಯರ್ ಎಳೆಯುತ್ತದೆ. ಆಂಪಿಯರಿನ ವರ್ಗವನ್ನು ರೋಧದಿಂದ ಗುಣಿಸಿದರೆ 3 ವ್ಯಾಟ್: ಅಷ್ಟೂ ದಾರಿಯಲ್ಲೇ ನಷ್ಟ. 39ಕ್ಕೆ 3 ಸೇರಿತು, 42 ಆಯಿತು. ಮಿತಿ ಮೀರಿದಾಗ ಇಂಥ ಸ್ವಿಚ್‌ಗಳು ಸಾಮಾನ್ಯವಾಗಿ ಕೊನೆಯ ಸಂಖ್ಯೆಯ ಪೋರ್ಟನ್ನು ಮೊದಲು ಕಡಿದುಹಾಕುತ್ತವೆ. ಉಣಗೋಲಿನ ಕ್ಯಾಮೆರಾ ಇದ್ದದ್ದು ನಾಲ್ಕನೆಯದರಲ್ಲಿ.

ಊಹೆಯನ್ನು ಖಚಿತಪಡಿಸಿಕೊಳ್ಳುವುದು ಸುಲಭ. ರಾತ್ರಿ ಕೊಟ್ಟಿಗೆಯ ಕ್ಯಾಮೆರಾದ ಕೇಬಲ್ ಕಿತ್ತೆವು. ಉಣಗೋಲಿನದು ಎಷ್ಟು ತಿರುಗಿದರೂ ಆರಲಿಲ್ಲ.

ಆದರೆ ಚಿತ್ರ ಮಾತ್ರ ನಡುನಡುವೆ ಚೌಕಚೌಕವಾಗಿ ಒಡೆಯುತ್ತಲೇ ಇತ್ತು. ಇದು ಬೇರೆಯೇ ರೋಗ. ಈಥರ್ನೆಟ್ಟಿನ 100 ಮೀಟರ್ ಮಿತಿ (ಗೋಡೆಯೊಳಗೆ 90, ಎರಡು ತುದಿಯ ಸಣ್ಣ ಕೇಬಲ್‌ಗಳಿಗೆ 10) ಹುಟ್ಟಿದ್ದು ವಿದ್ಯುತ್ತಿಗಾಗಿ ಅಲ್ಲ, ಸಂಕೇತಕ್ಕಾಗಿ. ದೂರ ಹೋದಂತೆ ಸಂಕೇತ ಕ್ಷೀಣಿಸಿ ಅದೇ ಕೇಬಲ್ಲಿನ ಪಕ್ಕದ ತಂತಿಜೋಡಿಗಳ ಗದ್ದಲದಲ್ಲಿ ಮುಳುಗುತ್ತದೆ. 100 ದಾಟಿದ ಕೂಡಲೇ ಎಲ್ಲ ನಿಲ್ಲುವುದಿಲ್ಲ, ಹಾಗಾಗಿಯೇ ಜನ ಮೋಸಹೋಗುತ್ತಾರೆ. ದೀಪ ಹೊತ್ತಿದೆ, ಚಿತ್ರ ಮಾತ್ರ ಒಡೆಯುತ್ತಿದೆ ಎಂದರೆ ಮೊದಲು ಉದ್ದವನ್ನೂ ತಂತಿಯನ್ನೂ ಅನುಮಾನಿಸಬೇಕು. ಕ್ಯಾಮೆರಾವೇ ಆರಿ ಮತ್ತೆ ಹುಟ್ಟುತ್ತಿದೆ ಎಂದರೆ ವಿದ್ಯುತ್ತನ್ನು. ಕೆಲವು ಸ್ವಿಚ್‌ಗಳಲ್ಲಿ ವೇಗವನ್ನು 10 ಮೆಗಾಬಿಟ್ಟಿಗೆ ಇಳಿಸಿ 250 ಮೀಟರ್ ಓಡಿಸುವ ಗುಂಡಿ ಇರುತ್ತದೆ. ಒಂದು ಕ್ಯಾಮೆರಾದ ಚಿತ್ರಕ್ಕೆ ಆ ವೇಗ ಸಾಕು, ಆದರೆ ತಂತಿಯ ನಷ್ಟವನ್ನು ಅದು ಒಂದಿಷ್ಟೂ ತಗ್ಗಿಸುವುದಿಲ್ಲ.

ನಾವು ಸ್ವಿಚ್ಚನ್ನೇ ಅಟ್ಟದಿಂದ ಉಗ್ರಾಣಕ್ಕೆ ಇಳಿಸಿದೆವು. ಅಲ್ಲಿ ಕರೆಂಟ್ ಮೊದಲೇ ಇತ್ತು, ಸಣ್ಣದೊಂದು ಯುಪಿಎಸ್ ಸೇರಿಸಬೇಕಾಯಿತು. ಅಲ್ಲಿಂದ ಉಣಗೋಲಿಗೆ 70 ಮೀಟರ್. ತಾಮ್ರದ ಕೇಬಲ್ ಎಳೆದ ಮೇಲೆ ದಾರಿಯ ನಷ್ಟ 3 ವ್ಯಾಟಿನಿಂದ 1ಕ್ಕೆ ಇಳಿಯಿತು. ಅಷ್ಟಾದರೂ ಮೊತ್ತ 40 ಆಗುತ್ತದೆ, ಅಂದರೆ ಅಂಚಿನಲ್ಲೇ ನಿಂತ ಹಾಗೆ. ಹಾಗಾಗಿ 60 ವ್ಯಾಟಿನ ಸ್ವಿಚ್ ತಂದೆವು. ಕಾಲುಭಾಗವಾದರೂ ಮಿಗತೆ ಇರಲೇಬೇಕು ಎಂಬುದು ನನ್ನ ಹಟ. ಮನೆಗೂ ಉಗ್ರಾಣಕ್ಕೂ ನಡುವಿನ 48 ಮೀಟರಿಗೆ ತಾಮ್ರದ ಬದಲು ಫೈಬರ್ ಹಾಕಿದೆವು. ಅದರಲ್ಲಿ ವಿದ್ಯುತ್ ಹರಿಯುವುದಿಲ್ಲ; ಮೇ ತಿಂಗಳ ಸಿಡಿಲು ತೋಟದ ಕಡೆ ಬಡಿದರೆ ಆ ದಾರಿಯಲ್ಲಿ ಮನೆಯೊಳಗೂ ಬರುವುದಿಲ್ಲ.