ಆ ನಾಲ್ಕು ನಿಮಿಷ ಫೆಬ್ರವರಿ 29ಕ್ಕೆ ಹೋಗುವುದಿಲ್ಲ

ಪ್ರಶ್ನೆ: ಅಕ್ಟೋಬರ್‌ನಲ್ಲಿ ರಾತ್ರಿ ಹತ್ತು ಗಂಟೆ ದಾಟಿದ ಮೇಲೆ ಪೂರ್ವದಲ್ಲಿ ಹುಟ್ಟುತ್ತಿದ್ದ ಸಾಲಾದ ಮೂರು ನಕ್ಷತ್ರಗಳು ಡಿಸೆಂಬರ್‌ನಲ್ಲಿ ಕತ್ತಲಾಗುವ ಹೊತ್ತಿಗೇ ಮೇಲೆ ಬಂದಿರುತ್ತವೆ. ಭೂಮಿ ಒಂದು ಸುತ್ತು ತಿರುಗಲು 24 ಗಂಟೆ ಬೇಕು ಎನ್ನುವುದಾದರೆ ನಕ್ಷತ್ರವೂ ದಿನಾ ಅದೇ ಹೊತ್ತಿಗೆ ಹುಟ್ಟಬೇಕಲ್ಲವೇ?

ಚಳಿ ಶುರುವಾಯಿತೆಂದರೆ ಈ ಪ್ರಶ್ನೆ ಬಂದೇ ಬರುತ್ತದೆ. ಎಷ್ಟು ಸಲ ಉತ್ತರಿಸಿದರೂ ಮುಂದಿನ ಚಳಿಗಾಲಕ್ಕೆ ಮತ್ತೆ ಬರುತ್ತದೆ. ಪ್ರಶ್ನೆಯ ಬಗ್ಗೆ ನನಗೆ ಬೇಸರವಿಲ್ಲ. ಯಾರೋ ಎರಡು ತಿಂಗಳು ಬಿಡದೆ ಆಕಾಶ ನೋಡಿದ್ದಾರೆ ಎಂಬುದಕ್ಕೆ ಅದೇ ಸಾಕ್ಷಿ. ಬೇಸರವಾಗುವುದು ಇದಕ್ಕೆ ಬೇರೆಯವರು ಕೊಡುವ ಒಂದು ತಪ್ಪು ಉತ್ತರದ ಬಗ್ಗೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ನೇರ ಉತ್ತರ. ಭೂಮಿ ತನ್ನ ಅಕ್ಷದ ಮೇಲೆ ಪೂರ್ತಿ ಒಂದು ಸುತ್ತು ತಿರುಗಲು 24 ಗಂಟೆ ತೆಗೆದುಕೊಳ್ಳುವುದಿಲ್ಲ. ತೆಗೆದುಕೊಳ್ಳುವುದು 23 ಗಂಟೆ 56 ನಿಮಿಷ 4 ಸೆಕೆಂಡು. ಇದು ನಾಕ್ಷತ್ರಿಕ ದಿನ. 24 ಗಂಟೆ ಎನ್ನುವುದು ಸೂರ್ಯ ಒಮ್ಮೆ ನಡುನೆತ್ತಿಯ ರೇಖೆ ದಾಟಿದ ಮೇಲೆ ಮತ್ತೆ ಅದನ್ನೇ ದಾಟುವವರೆಗಿನ ಅವಧಿ, ಅಂದರೆ ಸೌರ ದಿನ. ಅದೂ ವರ್ಷದ ಸರಾಸರಿ. ನಮ್ಮ ಗಡಿಯಾರಗಳೆಲ್ಲ ಈ ಎರಡನೆಯದಕ್ಕೆ ಹೊಂದಿಕೊಂಡಿವೆ. ಹಾಗಾಗಿ ಆ ಗಡಿಯಾರದಲ್ಲಿ ನೋಡಿದರೆ ಪ್ರತಿ ನಕ್ಷತ್ರವೂ ದಿನಕ್ಕೆ 3 ನಿಮಿಷ 56 ಸೆಕೆಂಡು ಮುಂಚೆ ಹುಟ್ಟುತ್ತದೆ, ಅಷ್ಟೇ ಮುಂಚೆ ಮುಳುಗುತ್ತದೆ.

ನೀವು ನೋಡಿದ ಮೂರು ನಕ್ಷತ್ರಗಳು ಮಹಾವ್ಯಾಧ ಎಂಬ ನಕ್ಷತ್ರಪುಂಜದ ನಡುಪಟ್ಟಿ. ಬೆಂಗಳೂರಿನಲ್ಲಿ ಅಕ್ಟೋಬರ್ 15ರಂದು ಅವು ಹುಟ್ಟುವುದು ರಾತ್ರಿ ಸುಮಾರು 10:20ಕ್ಕೆ. ಅಲ್ಲಿಂದ ನವೆಂಬರ್ 15ಕ್ಕೆ 31 ದಿನ. ದಿನಕ್ಕೆ ನಾಲ್ಕು ನಿಮಿಷಕ್ಕೆ ಚೂರು ಕಡಿಮೆಯಂತೆ ಎರಡು ಗಂಟೆಯಾಯಿತು, ಅಂದರೆ 8:20ರ ಆಸುಪಾಸು. ಡಿಸೆಂಬರ್ 15ಕ್ಕೆ ಇನ್ನೂ ಎರಡು ಗಂಟೆ ಹಿಂದೆ ಸರಿದು ಸಂಜೆ 6:20. ತಿಂಗಳಿಗೆ ಎರಡು ಗಂಟೆ, ವರ್ಷಕ್ಕೆ 24 ಗಂಟೆ. ಮುಂದಿನ ಅಕ್ಟೋಬರ್ 15ಕ್ಕೆ ಮತ್ತೆ ರಾತ್ರಿ 10:20.

ಈ ನಾಲ್ಕು ನಿಮಿಷ ಎಲ್ಲಿಂದ ಬಂತು? ಭೂಮಿ ತಿರುಗುತ್ತಲೇ ಸೂರ್ಯನ ಸುತ್ತ ದಿನಕ್ಕೆ ಸುಮಾರು 25 ಲಕ್ಷ ಕಿಲೋಮೀಟರ್ ಮುಂದಕ್ಕೆ ಹೋಗಿರುತ್ತದೆ. ನೂರಾರು ಜ್ಯೋತಿರ್ವರ್ಷ ಆಚೆಯ ನಕ್ಷತ್ರಕ್ಕೆ ಈ ದೂರ ಲೆಕ್ಕಕ್ಕೇ ಇಲ್ಲ. ಅದರ ದಿಕ್ಕು ಬದಲಾಗುವುದಿಲ್ಲ. ಹತ್ತಿರದ ಸೂರ್ಯನ ದಿಕ್ಕು ಮಾತ್ರ ದಿನಕ್ಕೆ ಸುಮಾರು ಒಂದು ಡಿಗ್ರಿ ಪೂರ್ವಕ್ಕೆ ಸರಿದಿರುತ್ತದೆ. 360 ಡಿಗ್ರಿಯನ್ನು 365 ದಿನಕ್ಕೆ ಹಂಚಿದರೆ ಬರುವುದು ಅಷ್ಟೇ. ಒಂದು ಸುತ್ತು ಮುಗಿದಾಗ ನಿನ್ನೆಯ ನಕ್ಷತ್ರ ನಿನ್ನೆಯ ಜಾಗಕ್ಕೇ ಬಂದಿರುತ್ತದೆ, ಸೂರ್ಯ ಇನ್ನೂ ಬಂದಿರುವುದಿಲ್ಲ. ಅವನನ್ನು ಹಿಡಿಯಲು ಭೂಮಿ ಇನ್ನೊಂದು ಡಿಗ್ರಿ ತಿರುಗಬೇಕು. ಆ ಒಂದು ಡಿಗ್ರಿಗೆ ಹಿಡಿಯುವ ಹೊತ್ತೇ ನಾಲ್ಕು ನಿಮಿಷ.

ಈಗ ಆ ತಪ್ಪು ಉತ್ತರ. "ಭೂಮಿ ತಿರುಗುವುದು 23 ಗಂಟೆ 56 ನಿಮಿಷದಲ್ಲಿ. ನಾವು ಸುಲಭಕ್ಕೆ 24 ಎನ್ನುತ್ತೇವೆ. ಹೀಗೆ ದಿನಾ ಉಳಿದುಬಿಡುವ ನಾಲ್ಕು ನಿಮಿಷವನ್ನು ಕೂಡಿಟ್ಟು ನಾಲ್ಕು ವರ್ಷಕ್ಕೊಮ್ಮೆ ಫೆಬ್ರವರಿ 29 ಮಾಡುತ್ತಾರೆ." ಕ್ವಿಜ್‌ಗಳಲ್ಲಿ, ಟ್ಯೂಷನ್ ನೋಟ್ಸ್‌ನಲ್ಲಿ, ವಾಟ್ಸ್ಆಪ್ ಫಾರ್ವರ್ಡ್‌ಗಳಲ್ಲಿ ಇದು ಓಡಾಡುತ್ತಲೇ ಇದೆ. ಕೇಳಲು ಸರಿ ಅನ್ನಿಸುತ್ತದೆ, ಅದೇ ಕಷ್ಟ. ದಯವಿಟ್ಟು ಒಂದು ಸಲ ಲೆಕ್ಕ ಹಾಕಿ.

ದಿನಕ್ಕೆ 3 ನಿಮಿಷ 56 ಸೆಕೆಂಡಿನಂತೆ 365 ದಿನ ಕೂಡಿಟ್ಟರೆ ಎಷ್ಟಾಗುತ್ತದೆ? ಹತ್ತಿರಹತ್ತಿರ 24 ಗಂಟೆ. ಒಂದೇ ವರ್ಷದಲ್ಲಿ ಪೂರ್ತಿ ಒಂದು ದಿನ! ನಾಲ್ಕು ವರ್ಷಕ್ಕೆ ನಾಲ್ಕು ದಿನ. ಫೆಬ್ರವರಿಗೆ ಸೇರುವುದು ಒಂದೇ ದಿನ. ಉಳಿದ ಮೂರು ದಿನ ಎಲ್ಲಿಗೆ ಹೋದವು? ಈ ಮಾತನ್ನು ಹಂಚುವವರು ಯಾರೂ ಇಲ್ಲಿಯವರೆಗೆ ಗುಣಾಕಾರ ಮಾಡಿಲ್ಲ ಎಂದೇ ಅರ್ಥ.

ಇನ್ನೊಂದು ಕಡೆಯಿಂದ ನೋಡಿ. ನಮ್ಮ ಗಡಿಯಾರ ನಿಜವಾಗಿಯೂ ದಿನಕ್ಕೆ ನಾಲ್ಕು ನಿಮಿಷ ತಪ್ಪು ತೋರಿಸುತ್ತಿದ್ದರೆ ಆರು ತಿಂಗಳಲ್ಲಿ ತಪ್ಪು 12 ಗಂಟೆಯಾಗಬೇಕು. ಜನವರಿಯಲ್ಲಿ ಮಧ್ಯಾಹ್ನ 12ಕ್ಕೆ ನೆತ್ತಿಯ ಹತ್ತಿರವಿದ್ದ ಸೂರ್ಯ ಜುಲೈನಲ್ಲಿ 12ಕ್ಕೆ ಪಾತಾಳದಲ್ಲಿರಬೇಕು. ಹಾಗೆ ಎಂದೂ ಆಗಿಲ್ಲ, ಏಕೆಂದರೆ ಗಡಿಯಾರ ಸೂರ್ಯನನ್ನು ಹಿಡಿದುಕೊಂಡಿದೆ. ಅದರಲ್ಲಿ ಉಳಿಕೆಯೇ ಇಲ್ಲ, ಕೂಡಿಡಲು ಏನೂ ಇಲ್ಲ.

ಹಾಗಾದರೆ ಫೆಬ್ರವರಿ 29 ಯಾತಕ್ಕೆ? ಭೂಮಿ ಸೂರ್ಯನ ಸುತ್ತ ಒಂದು ಸುತ್ತು ಮುಗಿಸುವುದರೊಳಗೆ ಸರಿಯಾಗಿ 365 ಹಗಲು-ರಾತ್ರಿ ಮುಗಿಯುವುದಿಲ್ಲ. ಮೇಲೆ 5 ಗಂಟೆ 49 ನಿಮಿಷದಷ್ಟು ಉಳಿಯುತ್ತದೆ. ನಾಲ್ಕು ವರ್ಷಕ್ಕೆ ಅದು 23 ಗಂಟೆ ದಾಟುವುದರಿಂದ ಒಂದು ದಿನ ಸೇರಿಸುತ್ತೇವೆ. ಸ್ವಲ್ಪ ಹೆಚ್ಚು ಸೇರಿಸಿದಂತಾಗುವುದರಿಂದ 1900ರಂಥ ಶತಮಾನದ ವರ್ಷಗಳಲ್ಲಿ ಬಿಟ್ಟಿದ್ದೇವೆ. ಇದು ವರ್ಷದ ಉದ್ದದ ವಿಷಯ. ನಾಲ್ಕು ನಿಮಿಷ ದಿನದ ಉದ್ದದ ವಿಷಯ. ಎರಡೂ ಬೇರೆ ಎಂಬುದಕ್ಕೆ ನಾನು ಯಾವಾಗಲೂ ಕೊಡುವ ಪರೀಕ್ಷೆ ಇದು: ವರ್ಷ ಸರಿಯಾಗಿ 365 ದಿನಗಳದ್ದೇ ಆಗಿದ್ದರೆ ಅಧಿಕ ವರ್ಷವೇ ಬೇಕಿರಲಿಲ್ಲ. ಆದರೂ ನಕ್ಷತ್ರಗಳು ದಿನಾ ನಾಲ್ಕು ನಿಮಿಷ ಮುಂಚೆಯೇ ಹುಟ್ಟುತ್ತಿದ್ದವು.

ಕೂಡಿಬಂದ ಆ 24 ಗಂಟೆ ನಿಜವಾಗಿ ಏನಾಗುತ್ತದೆ? ಅದು ಭೂಮಿಯ ಒಂದು ಹೆಚ್ಚುವರಿ ಸುತ್ತು. ವರ್ಷಕ್ಕೆ 365 ಚಿಲ್ಲರೆ ಸಲ ಸೂರ್ಯ ಹುಟ್ಟಿದರೆ ಭೂಮಿ ತಿರುಗಿರುವುದು 366 ಚಿಲ್ಲರೆ ಸಲ. ಇದನ್ನು ಒಪ್ಪಲು ಮನಸ್ಸು ಹಿಂಜರಿಯುತ್ತದೆ, ಹಾಗಾಗಿ ಒಂದು ಕೆಲಸ ಮಾಡಿ. ಅಶ್ವತ್ಥಕಟ್ಟೆಗೆ ಒಂದು ಪ್ರದಕ್ಷಿಣೆ ಹಾಕಿ. ಮರ ಉದ್ದಕ್ಕೂ ನಿಮ್ಮ ಬಲಗೈ ಕಡೆಗೇ ಇತ್ತು, ಮರಕ್ಕೆ ಕೇಳಿದರೆ ನೀವು ತಿರುಗಲೇ ಇಲ್ಲ ಎನ್ನುತ್ತದೆ. ಆದರೆ ನಿಮ್ಮ ಮುಖ ಪೂರ್ವಕ್ಕಿದ್ದದ್ದು ದಕ್ಷಿಣಕ್ಕೆ, ಪಶ್ಚಿಮಕ್ಕೆ, ಉತ್ತರಕ್ಕೆ ತಿರುಗಿ ಮತ್ತೆ ಪೂರ್ವಕ್ಕೆ ಬಂತು. ದೂರದ ಬೆಟ್ಟದ ಲೆಕ್ಕದಲ್ಲಿ ನೀವು ಪೂರ್ತಿ ಒಂದು ಸುತ್ತು ತಿರುಗಿದ್ದೀರಿ. ಸುತ್ತು ಹಾಕಿದ್ದರಿಂದಲೇ ಬಂದ ಆ ಒಂದು ತಿರುಗು ಮರದ ಲೆಕ್ಕಕ್ಕೆ ಸಿಗುವುದಿಲ್ಲ. ಮರ ಸೂರ್ಯ, ಬೆಟ್ಟ ನಕ್ಷತ್ರ. ಭೂಮಿ ತಿರುಗುವ ದಿಕ್ಕೂ ಸೂರ್ಯನನ್ನು ಸುತ್ತುವ ದಿಕ್ಕೂ ಒಂದೇ ಆದ್ದರಿಂದ ಆ ಒಂದು ಕೂಡುತ್ತದೆ.

ಇದರ ಒಂದು ಸೊಗಸಾದ ಪರಿಣಾಮವೆಂದರೆ ವರ್ಷದಲ್ಲಿ ಒಂದು ತಾರೀಖಿನಂದು ಒಂದೇ ನಕ್ಷತ್ರ ಎರಡು ಸಲ ಹುಟ್ಟುತ್ತದೆ. ಮಹಾವ್ಯಾಧನ ಪಟ್ಟಿಗೆ ಬೆಂಗಳೂರಿನಲ್ಲಿ ಅದು ಸೆಪ್ಟೆಂಬರ್ ಮೂರನೆಯ ವಾರದ ಹೊತ್ತಿಗೆ ಬರುತ್ತದೆ. ನಡುರಾತ್ರಿ 12 ದಾಟಿ ಒಂದೆರಡು ನಿಮಿಷಕ್ಕೆ ಒಮ್ಮೆ, ಅದೇ ದಿನ ರಾತ್ರಿ 12 ಆಗುವ ಮುನ್ನ ಇನ್ನೊಮ್ಮೆ.

ಈ 366ರ ಲೆಕ್ಕ ಇತ್ತೀಚಿನದಲ್ಲ. ಕ್ರಿ.ಶ. 499ರ ಆರ್ಯಭಟೀಯದಲ್ಲಿ ಆರ್ಯಭಟ ನಕ್ಷತ್ರಗಳು ನಿಂತಿವೆ, ತಿರುಗುವುದು ಭೂಮಿ ಎಂದು ಹೇಳಿ ಸಂಖ್ಯೆಯನ್ನೂ ಕೊಡುತ್ತಾನೆ. 43,20,000 ವರ್ಷಗಳ ಯುಗವೊಂದರಲ್ಲಿ ಭೂಮಿ 1,58,22,37,500 ಸಲ ತಿರುಗುತ್ತದೆ. ಅದೇ ಅವಧಿಯಲ್ಲಿ ಹಗಲು-ರಾತ್ರಿಯ ದಿನಗಳು 1,57,79,17,500. ಒಂದರಲ್ಲಿ ಇನ್ನೊಂದನ್ನು ಕಳೆಯಿರಿ. ಉಳಿಯುವುದು ಸರಿಯಾಗಿ 43,20,000, ವರ್ಷಕ್ಕೆ ಒಂದು ಸುತ್ತು! ದಿನಗಳ ಸಂಖ್ಯೆಯನ್ನು ಸುತ್ತುಗಳ ಸಂಖ್ಯೆಯಿಂದ ಭಾಗಿಸಿ 24 ಗಂಟೆಯಿಂದ ಗುಣಿಸಿದರೆ 23 ಗಂಟೆ 56 ನಿಮಿಷ 4.1 ಸೆಕೆಂಡು ಬರುತ್ತದೆ. ಇಂದಿನ ಅಳತೆಗೂ ಅದಕ್ಕೂ ಇರುವ ವ್ಯತ್ಯಾಸ ಸೆಕೆಂಡಿನ ನೂರನೆಯ ಒಂದು ಭಾಗದಷ್ಟು. ಪಾಠ ಮಾಡುವಾಗ ಮಕ್ಕಳಿಂದಲೇ ಈ ಕಳೆಯುವ ಲೆಕ್ಕ ಮಾಡಿಸುತ್ತೇನೆ. ಸೊನ್ನೆಗಳೆಲ್ಲ ಸಾಲಾಗಿ ಬಂದು ಕೂತಾಗ ತರಗತಿಯಲ್ಲಿ ಆಗುವ ಗದ್ದಲ ನನಗೆ ಬಹಳ ಇಷ್ಟ.

ನೀವೇ ಅಳೆಯಬೇಕೆಂದರೆ ದೂರದರ್ಶಕ ಬೇಡ. ಮನೆಯ ಪಶ್ಚಿಮಕ್ಕೆ ನೇರವಾದ ಗೋಡೆಯಂಚು ಕಾಣುವ ಜಾಗದಲ್ಲಿ ನೆಲಕ್ಕೆ ಸೀಮೆಸುಣ್ಣದ ಗುರುತು ಹಾಕಿ, ಕಂಬಕ್ಕೋ ಬಾಗಿಲಿಗೋ ತಲೆ ಒತ್ತಿ ನಿಂತು, ಪ್ರಕಾಶಮಾನವಾದ ನಕ್ಷತ್ರವೊಂದು ಅಂಚಿನ ಹಿಂದೆ ಥಟ್ಟನೆ ಮರೆಯಾಗುವ ಹೊತ್ತನ್ನು ಮೊಬೈಲಿನಲ್ಲಿ ಸೆಕೆಂಡಿನ ಸಮೇತ ಬರೆದುಕೊಳ್ಳಿ. ಮಾರನೆಯ ರಾತ್ರಿ ಅದೇ ಜಾಗ, ಅದೇ ಕಣ್ಣು. ನಾಲ್ಕು ನಿಮಿಷದ ಬದಲು ಎರಡೋ ಆರೋ ಬಂದರೆ ತಲೆ ಕದಲಿದೆ ಎಂದು ತಿಳಿಯಿರಿ. ಗೋಡೆ ಹತ್ತಿರವಿದ್ದಷ್ಟೂ ಈ ತಪ್ಪು ದೊಡ್ಡದು, ಬೀದಿಯಾಚೆಯ ಕಟ್ಟಡವಾದರೆ ಒಳ್ಳೆಯದು. ವಾರ ಬಿಟ್ಟು ನೋಡಿ ಏಳರಿಂದ ಭಾಗಿಸಿದರೆ ಇನ್ನೂ ನಿಖರ. ಗುರು, ಶುಕ್ರರನ್ನು ಮಾತ್ರ ಹಿಡಿಯಬೇಡಿ. ಅವು ತಾವೇ ನಕ್ಷತ್ರಗಳ ನಡುವೆ ಸರಿಯುತ್ತವೆ, ಲೆಕ್ಕ ಕೂಡುವುದಿಲ್ಲ.

ಇಲ್ಲಿಗೆ ಬಂದ ಮೇಲೆ ಯಾರೂ ಕೇಳದ ಇನ್ನೊಂದು ಪ್ರಶ್ನೆಯನ್ನು ನಾನೇ ಎತ್ತುತ್ತೇನೆ. ರೋಹಿಣಿ ಮಳೆ ಬರುವಾಗ ರೋಹಿಣಿ ನಕ್ಷತ್ರ ಆಕಾಶದಲ್ಲಿ ಎಲ್ಲಿರುತ್ತದೆ?

ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಎನ್ನುವ ಊರುಗಳಲ್ಲೂ ಆಗ ರಾತ್ರಿಯಿಡೀ ಕಾದರೂ ಆ ಕೆಂಪು ನಕ್ಷತ್ರ ಕಾಣುವುದಿಲ್ಲ. ಮೋಡ ಇಲ್ಲದಿದ್ದರೂ ಕಾಣುವುದಿಲ್ಲ. ಮಳೆ ನಕ್ಷತ್ರವೆಂದರೆ ಸೂರ್ಯ ಆಗ ಇರುವ ನಕ್ಷತ್ರ. ದಿನಕ್ಕೊಂದು ಡಿಗ್ರಿ ಪೂರ್ವಕ್ಕೆ ಸರಿಯುವ ಸೂರ್ಯ ಮೇ 25ರ ಸುಮಾರಿಗೆ ರೋಹಿಣಿಯ ಭಾಗಕ್ಕೆ ಕಾಲಿಟ್ಟು, ಜೂನ್ 1ರ ಆಸುಪಾಸಿನಲ್ಲಿ ನಕ್ಷತ್ರದ ನೇರಕ್ಕೆ ಬಂದು, ಜೂನ್ 8ರ ಹೊತ್ತಿಗೆ ಮೃಗಶಿರಕ್ಕೆ ದಾಟುತ್ತಾನೆ. 27 ನಕ್ಷತ್ರಗಳಿಗೆ 365 ದಿನ ಹಂಚಿದರೆ ಒಂದೊಂದಕ್ಕೆ ಹದಿಮೂರೂವರೆ ದಿನ, ಪಂಚಾಂಗದಲ್ಲಿ ಒಂದು ಮಳೆಯ ಅವಧಿ ಅದೇ. ಆ ದಿನಗಳಲ್ಲಿ ರೋಹಿಣಿ ಸೂರ್ಯನ ಜೊತೆಗೇ ಹುಟ್ಟಿ ಜೊತೆಗೇ ಮುಳುಗುವುದರಿಂದ ಬೆಳಕಿನಲ್ಲಿ ಅಡಗಿರುತ್ತದೆ. ಆಮೇಲೆ ದಿನಕ್ಕೆ ನಾಲ್ಕು ನಿಮಿಷದಂತೆ ಸೂರ್ಯನಿಗಿಂತ ಮುಂಚೆ ಏಳತೊಡಗಿ, ಜೂನ್ ಕೊನೆಯ ಹೊತ್ತಿಗೆ ನಸುಕಿನಲ್ಲಿ ಪೂರ್ವದಂಚಿನಲ್ಲಿ ಮತ್ತೆ ಕಾಣಿಸುತ್ತದೆ. ಆಗ ನಮ್ಮಲ್ಲಿ ಮುಂಗಾರಿನ ಮೋಡ. ಹಾಗಾಗಿ ರೋಹಿಣಿಯನ್ನು ಮತ್ತೆ ನೋಡಬೇಕೆಂದರೆ ಕರಾವಳಿ, ಮಲೆನಾಡಿನವರು ಮಳೆ ಬಿಡುವ ತನಕ ಕಾಯಬೇಕು. ವಿಜಯಪುರ, ರಾಯಚೂರು ಕಡೆಯವರಿಗೆ ಮೋಡ ಹರಿದ ಒಂದು ಬೆಳಗಿನ ಜಾವ ಅದಕ್ಕಿಂತ ಬೇಗ ಸಿಗಬಹುದು. ಐದು ಗಂಟೆಗೆ ಎದ್ದು ಪೂರ್ವಕ್ಕೆ ಸ್ವಲ್ಪ ಉತ್ತರ ಸೇರಿಸಿ ನೋಡಿ.