42ರಲ್ಲಿ 17 ಕಳೆದರೆ 35

ಬಿ.ಎಡ್. ತರಗತಿಯಲ್ಲಿ, ಮಕ್ಕಳ ಕಲಿಕೆಯನ್ನು ಅಧ್ಯಯನ ಮಾಡಿದ ಮನೋವಿಜ್ಞಾನಿಗಳಾದ ಪಿಯಾಜೆ ಮತ್ತು ವೈಗಾಟ್‌ಸ್ಕಿ ಬಗ್ಗೆ ಉಪನ್ಯಾಸ ಮುಗಿಸಿದ ಮೇಲೆ ಪ್ರಶಿಕ್ಷಣಾರ್ಥಿಗಳ ನೋಟ್ಸ್ ತಿರುವಿ ನೋಡುವುದು ನನಗೆ ಹಳೆಯ ಚಟ. ಒಮ್ಮೆ ಒಬ್ಬರ ಪುಸ್ತಕದಲ್ಲಿ ಸ್ಕೇಲ್ ಹಿಡಿದು ಗೆರೆ ಎಳೆದ ಚಂದದ ಕೋಷ್ಟಕವಿತ್ತು. ಎಡಕ್ಕೆ ಪರಿಕಲ್ಪನೆ, ಬಲಕ್ಕೆ ಉದಾಹರಣೆ. ಸ್ವಾಂಗೀಕರಣದ ಎದುರು ‘ಮಗು ಹೊಸ ವಿಷಯ ಕಲಿಯುತ್ತದೆ’. ಹೊಂದಾಣಿಕೆಯ ಎದುರು ‘ಮಗು ಹೊಸ ವಿಷಯಕ್ಕೆ ಹೊಂದಿಕೊಳ್ಳುತ್ತದೆ’. ಸ್ಕ್ಯಾಫೋಲ್ಡಿಂಗ್ ಎದುರು ‘ಶಿಕ್ಷಕರು ಸಹಾಯ ಮಾಡುತ್ತಾರೆ’. ಬಲಗಡೆಯ ಕಾಲಂ ಕತ್ತರಿಸಿ ಒಂದು ಮನೆ ಕೆಳಕ್ಕೆ ಸರಿಸಿ ಅಂಟಿಸಿದರೂ ಯಾರಿಗೂ ವ್ಯತ್ಯಾಸ ಗೊತ್ತಾಗುವಂತಿರಲಿಲ್ಲ.

ತಪ್ಪು ಅವರದಲ್ಲ. ಉಪನ್ಯಾಸದಲ್ಲಿ ನಾನು ಕೊಟ್ಟದ್ದು ವ್ಯಾಖ್ಯೆಗಳನ್ನು. ಅವರು ಅದನ್ನೇ ಸ್ವಲ್ಪ ನೀರು ಬೆರೆಸಿ ಉದಾಹರಣೆಯ ಮನೆಯಲ್ಲಿ ಸುರಿದಿದ್ದರು. ಅಂದಿನಿಂದ ಕೋಷ್ಟಕ ಕಟ್ಟುವುದನ್ನೇ ಒಂದು ಪಿರಿಯಡ್ಡಿನ ಕೆಲಸ ಮಾಡಿಕೊಂಡೆ. ನಿಯಮ ಇಷ್ಟೇ: ಒಂದೇ ತರಗತಿ, ಒಂದೇ ಮಗು, ಒಂದೇ ಲೆಕ್ಕ. ಎಲ್ಲ ಸಾಲುಗಳೂ ಅದರಿಂದಲೇ ಬರಬೇಕು. ಒಂದಕ್ಕೆ ನಾಯಿ-ಹಸು, ಇನ್ನೊಂದಕ್ಕೆ ಸೈಕಲ್, ಮತ್ತೊಂದಕ್ಕೆ ಗಾಜಿನ ಲೋಟದ ನೀರು ಎಂದು ಹಾರಿದರೆ ಪರಿಕಲ್ಪನೆಗಳ ನಡುವಿನ ಗೆರೆ ಕಾಣುವುದೇ ಇಲ್ಲ.

ನಾವು ಆರಿಸಿಕೊಳ್ಳುವ ಮಗು ಮೂರನೇ ತರಗತಿಯ ಹುಡುಗ. 42ರಲ್ಲಿ 17 ಕಳೆ ಎಂದರೆ 35 ಎಂದು ಬರೆಯುತ್ತಾನೆ. ಅಜಾಗರೂಕತೆ ಎಂದು ಕೆಂಪು ಮಸಿಯಲ್ಲಿ ತಪ್ಪು ಹಾಕಿಬಿಡುವುದು ಸುಲಭ. ಆದರೆ 53ರಲ್ಲಿ 28 ಕೊಟ್ಟರೆ ಅವನೇ 35 ಬರೆಯುತ್ತಾನೆ, 61ರಲ್ಲಿ 34 ಕೊಟ್ಟರೆ 33. ಇದರ ಹಿಂದೊಂದು ಕ್ರಮವಿದೆ: ಯಾವ ಸ್ಥಾನದಲ್ಲಾದರೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆ. 2ರಲ್ಲಿ 7 ಹೋಗದಿದ್ದರೆ 7ರಲ್ಲಿ 2 ಕಳೆದರಾಯಿತು. ಮಕ್ಕಳ ಇಂಥ ಕ್ರಮಬದ್ಧ ತಪ್ಪುಗಳನ್ನು ಅಮೆರಿಕದ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ 1978ರಲ್ಲಿ ಕಂಪ್ಯೂಟರ್ ಪ್ರೋಗ್ರಾಮಿನ ‘ಬಗ್’ಗೆ ಹೋಲಿಸಿ ಪಟ್ಟಿ ಮಾಡಿದ್ದರು. ಈ ಹುಡುಗನ ಬಗ್ ಬಹುಶಃ ಒಂದನೇ ತರಗತಿಯಲ್ಲಿ ‘ಯಾವಾಗಲೂ ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು’ ಎಂದು ನಾವೇ ಹೇಳಿಕೊಟ್ಟ ಮಾತಿನಿಂದ ಹುಟ್ಟಿದ್ದು. ಆಗ ಆ ಮಾತು ಸರಿಯಾಗಿಯೇ ಕೆಲಸ ಮಾಡುತ್ತಿತ್ತು.

ಇಲ್ಲಿಗೆ ಸ್ವಾಂಗೀಕರಣದ ಸಾಲು ತುಂಬಿತು. ಹೊಸ ಲೆಕ್ಕವನ್ನು ಹುಡುಗ ತನ್ನಲ್ಲಿದ್ದ ಹಳೆಯ ಅಚ್ಚಿಗೇ ಹಾಕಿದ್ದಾನೆ. ‘ಮಗು ಹೊಸ ವಿಷಯ ಕಲಿಯುತ್ತದೆ’ ಎಂಬ ವಾಕ್ಯ ಎಷ್ಟು ದಾರಿ ತಪ್ಪಿಸುತ್ತದೆಂದು ಈಗ ಪ್ರಶಿಕ್ಷಣಾರ್ಥಿಗಳಿಗೇ ಕಾಣುತ್ತದೆ. ಇಲ್ಲಿ ಹುಡುಗ ಕಳೆಯುವ ಬಗ್ಗೆ ಹೊಸದೇನೂ ಕಲಿತಿಲ್ಲ.

ಮುಂದಿನ ಸಾಲು ಅಸಮತೋಲನ. ‘35ಕ್ಕೆ 17 ಕೂಡಿಸಿ ನೋಡು’ ಎನ್ನುತ್ತೇವೆ. 52 ಬರುತ್ತದೆ. ಹುಡುಗ ಪೆನ್ಸಿಲ್ ತುದಿ ಕಚ್ಚಿ ಸುಮ್ಮನಾಗುತ್ತಾನೆ. ಆ ಸುಮ್ಮನಾದ ಹೊತ್ತೇ ಉದಾಹರಣೆ. ಶಿಕ್ಷಕಿ ‘ತಪ್ಪು’ ಎಂದು ಹೇಳಿದ್ದರೆ ಅದು ಶಿಕ್ಷಕಿಯ ತೀರ್ಪಾಗುತ್ತಿತ್ತು. ಇಲ್ಲಿ ಅವನ ಕೂಡುವ ಲೆಕ್ಕ ಅವನ ಕಳೆಯುವ ಲೆಕ್ಕದ ಜೊತೆ ಜಗಳಕ್ಕೆ ನಿಂತಿದೆ.

ಹೆಚ್ಚು ಹೊತ್ತು ತಿನ್ನುವುದು ಹೊಂದಾಣಿಕೆಯ ಸಾಲು. ಹತ್ತು ಹತ್ತು ಕಡ್ಡಿಗಳಿಗೆ ರಬ್ಬರ್ ಬ್ಯಾಂಡ್ ಹಾಕಿದ ನಾಲ್ಕು ಕಟ್ಟು, ಎರಡು ಬಿಡಿ ಕಡ್ಡಿ ಅವನ ಮುಂದಿವೆ. ಏಳು ತೆಗೆಯಬೇಕು, ಬಿಡಿ ಇರುವುದು ಎರಡೇ. ಒಂದು ಕಟ್ಟು ಬಿಚ್ಚುತ್ತಾನೆ, 25 ಬರುತ್ತದೆ. ಪ್ರಶಿಕ್ಷಣಾರ್ಥಿಗಳು ತಕ್ಷಣ ‘ಹೊಂದಾಣಿಕೆ ಆಯಿತು’ ಎಂದು ಬರೆಯಲು ಹೊರಡುತ್ತಾರೆ. ನಾನು ತಡೆಯುತ್ತೇನೆ. ಸರಿಯುತ್ತರ ಇನ್ನೊಂದು ದಾರಿಯಿಂದಲೂ ಬರುತ್ತದಲ್ಲ! ‘ಪಕ್ಕದ ಮನೆಯಿಂದ ಸಾಲ ತಗೋ’ ಎಂದು ಬಾಯಿಪಾಠ ಮಾಡಿಸಿದರೂ 25 ಬರುತ್ತದೆ. ಎರಡನ್ನೂ ಬೇರೆ ಮಾಡಿ ತೋರಿಸುವ ಲೆಕ್ಕ 58ರಲ್ಲಿ 23. ಇಲ್ಲಿ ಸಾಲದ ಅಗತ್ಯವೇ ಇಲ್ಲ. ಬಾಯಿಪಾಠದ ಮಗು ಇಲ್ಲೂ ಸಾಲ ತಂದು, 18ರಲ್ಲಿ 3 ಕಳೆದು 15 ಬರೆದು, ಪಕ್ಕದಲ್ಲಿ 2 ಹಾಕಿ ‘215’ ಎಂದು ಪುಸ್ತಕ ಮುಂದೆ ಚಾಚುತ್ತದೆ. ಅಚ್ಚು ನಿಜವಾಗಿ ಬದಲಾದ ಮಗು ಕಟ್ಟು ಬಿಚ್ಚಲು ಹೋಗುವುದಿಲ್ಲ.

ಈ 215 ನನ್ನ ಕೋಷ್ಟಕಕ್ಕೆ ಮೂರನೇ ಕಾಲಂ ತಂದುಕೊಟ್ಟಿತು. ಉದಾಹರಣೆಯ ಪಕ್ಕದಲ್ಲಿ ಅದರಂತೆಯೇ ಕಾಣುವ, ಆದರೆ ಅದಲ್ಲದ ಸಂಗತಿ ಬರಬೇಕು.

| ಪರಿಕಲ್ಪನೆ | ತರಗತಿಯಲ್ಲಿ ಕಂಡದ್ದು | ಹಾಗೆ ಕಾಣುತ್ತದೆ, ಅದಲ್ಲ |
|---|---|---|
| ಸ್ವಾಂಗೀಕರಣ | 42 − 17 = 35; ಮುಂದಿನ ಲೆಕ್ಕಗಳಲ್ಲೂ ಅದೇ ಕ್ರಮ | ಒಂದೇ ಸಲ ಕೈತಪ್ಪಿ 35 ಬರೆದದ್ದು |
| ಅಸಮತೋಲನ | 35 + 17 = 52 ನೋಡಿ ಹುಡುಗ ತಡವರಿಸಿದ್ದು | ಶಿಕ್ಷಕಿ ಗದರಿದ್ದಕ್ಕೆ ಅಳಿಸಿದ್ದು |
| ಹೊಂದಾಣಿಕೆ | 42 − 17ಕ್ಕೆ ಕಟ್ಟು ಬಿಚ್ಚಿ, 58 − 23ಕ್ಕೆ ಬಿಚ್ಚದೆ ಬಿಟ್ಟದ್ದು | ಎಲ್ಲ ಲೆಕ್ಕಕ್ಕೂ ಸಾಲ ತಂದದ್ದು |
| ಸ್ಕ್ಯಾಫೋಲ್ಡಿಂಗ್ | ಕಡ್ಡಿ, ಆಮೇಲೆ ಚಿತ್ರ, ಆಮೇಲೆ ಒಂದೇ ಪ್ರಶ್ನೆ, ಆಮೇಲೆ ಏನೂ ಇಲ್ಲ | ಎಲ್ಲ ಲೆಕ್ಕಕ್ಕೂ ಕಡ್ಡಿ ಕೊಟ್ಟದ್ದು |

ವೈಗಾಟ್‌ಸ್ಕಿಯ ಝಡ್‌ಪಿಡಿ ಅಂದರೆ ಸಮೀಪ ವಿಕಾಸ ವಲಯ ಈ ಪಟ್ಟಿಯಲ್ಲಿಲ್ಲ, ಏಕೆಂದರೆ ಅದು ಒಂದು ಘಟನೆಯಲ್ಲ, ಮಗು ಒಂಟಿಯಾಗಿ ಮಾಡಬಲ್ಲದ್ದು ಮತ್ತು ನೆರವಿನಿಂದ ಮಾಡಬಲ್ಲದ್ದು ಎಂಬ ಎರಡು ಗುರುತುಗಳ ನಡುವಿನ ದೂರ. ಅವರೇ ಕೊಟ್ಟ ಉದಾಹರಣೆ ಹೀಗಿದೆ: ಇಬ್ಬರು ಮಕ್ಕಳ ಮಾನಸಿಕ ವಯಸ್ಸು ಎಂಟು. ಸ್ವಲ್ಪ ನೆರವು ಕೊಟ್ಟಾಗ ಒಬ್ಬ ಹನ್ನೆರಡರ ಮಟ್ಟದ ಸಮಸ್ಯೆ ಬಿಡಿಸುತ್ತಾನೆ, ಇನ್ನೊಬ್ಬ ಒಂಬತ್ತರಲ್ಲೇ ನಿಲ್ಲುತ್ತಾನೆ. ಪರೀಕ್ಷೆಯ ಪ್ರಕಾರ ಇಬ್ಬರೂ ಒಂದೇ, ಆದರೆ ಒಬ್ಬನ ದೂರ ನಾಲ್ಕು, ಇನ್ನೊಬ್ಬನದು ಒಂದು. ಹಾಗಾಗಿ ಕೋಷ್ಟಕದಲ್ಲಿ ಅದಕ್ಕೆ ಒಂದು ಮನೆ ಸಾಲದು, ಮೂರು ಲೆಕ್ಕ ಬೇಕು. ನಮ್ಮ ಹುಡುಗ 46ರಲ್ಲಿ 23 ಅನ್ನು ಒಬ್ಬನೇ ಮಾಡುತ್ತಾನೆ. 42ರಲ್ಲಿ 17 ಅನ್ನು ‘ಕಟ್ಟು ಬಿಚ್ಚಬಹುದಾ?’ ಎಂದು ಕೇಳಿದರೆ ಮಾಡುತ್ತಾನೆ. 402ರಲ್ಲಿ 178ಕ್ಕೆ ಮಾತ್ರ ಎಷ್ಟು ಕೇಳಿದರೂ ನಡುವಿನ ಸೊನ್ನೆಯ ಹತ್ತಿರ ಸಿಕ್ಕಿಬೀಳುತ್ತಾನೆ. ಇಂದು ಕಲಿಸಬೇಕಾದದ್ದು ನಡುವಿನದನ್ನು.

ಸ್ಕ್ಯಾಫೋಲ್ಡಿಂಗ್ ಎಂಬ ಪದವನ್ನು ವೈಗಾಟ್‌ಸ್ಕಿ ಹೆಸರಿಗೆ ಬರೆಯುವ ರೂಢಿ ನಮ್ಮ ಗೈಡ್‌ಗಳಲ್ಲಿ ಗಟ್ಟಿಯಾಗಿ ಬೇರೂರಿದೆ. ಅವರು ತೀರಿಕೊಂಡದ್ದು 1934ರಲ್ಲಿ. ಕಲಿಕೆಯ ನೆರವಿಗೆ ಈ ಹೋಲಿಕೆ ಕೊಟ್ಟು ಹೆಸರಾದದ್ದು 1976ರಲ್ಲಿ ವುಡ್, ಬ್ರೂನರ್, ರಾಸ್ ಬರೆದ ಪ್ರಬಂಧ. ಅದರಲ್ಲಿ ಮೂರರಿಂದ ಐದು ವರ್ಷದ ಮಕ್ಕಳು ಮರದ ತುಂಡುಗಳಿಂದ ಪಿರಮಿಡ್ ಕಟ್ಟುತ್ತಾರೆ. ಮನೆಗೆ ಗಾರೆ ಮೆತ್ತುವಾಗ ಕಟ್ಟುವ ಸಾರುವೆಯನ್ನು ನೆನೆಸಿಕೊಂಡರೆ ಹೋಲಿಕೆಯ ತಿರುಳು ಸಿಗುತ್ತದೆ: ಗೋಡೆ ಮುಗಿದ ಮೇಲೂ ಸಾರುವೆ ಬಿಚ್ಚದಿದ್ದರೆ ಅದನ್ನು ಸಾರುವೆ ಎನ್ನುವುದಿಲ್ಲ.

ಕೋಷ್ಟಕ ಸರಿಯಾಗಿದೆಯೇ ಎಂದು ನೋಡಲು ಮೊದಲ ಕಾಲಂ ಮುಚ್ಚಿ ಪಕ್ಕದ ಬೆಂಚಿನವರಿಗೆ ಕೊಡಿಸುತ್ತೇನೆ. ನಡುವಿನ ಕಾಲಂ ಓದಿ ಅವರು ಹೆಸರು ಹೇಳಬೇಕು. ಇಬ್ಬರು ಎರಡು ಹೆಸರು ಹೇಳಿದರೆ ಆ ಸಾಲು ಮತ್ತೆ ಬರೆಯಬೇಕು. ಪಿಯಾಜೆಯ ಸಾಲುಗಳಲ್ಲಿ ಈ ಜಗಳ ಪೂರ್ತಿ ತೀರುವುದಿಲ್ಲ. ಸ್ವಾಂಗೀಕರಣ, ಹೊಂದಾಣಿಕೆ ಎರಡೂ ಜೊತೆಜೊತೆಗೇ ನಡೆಯುತ್ತವೆ ಎಂಬುದು ಅವರ ವಾದ. ಕೋಷ್ಟಕದ ಗೆರೆ ನಾವು ಓದಲು ಎಳೆದುಕೊಂಡದ್ದು.

ಕಳೆದ ಬೋಧನಾಭ್ಯಾಸದಲ್ಲಿ ಒಬ್ಬ ಪ್ರಶಿಕ್ಷಣಾರ್ಥಿ ತಮ್ಮದೇ ತರಗತಿಯಿಂದ ಸ್ಕ್ಯಾಫೋಲ್ಡಿಂಗ್ ಸಾಲು ತುಂಬಿ ತಂದಿದ್ದರು. ಕಡ್ಡಿ ಕೊಟ್ಟೆ, ಆರೂ ಲೆಕ್ಕ ಸರಿ ಮಾಡಿದ ಎಂದು ಬರೆದಿತ್ತು.

“ಕಡ್ಡಿ ಯಾವಾಗ ವಾಪಸ್ ತಗೊಂಡ್ರಿ?” ಎಂದೆ.

“ತಗೊಳ್ಳಲಿಲ್ಲ ಸರ್, ಬೆಲ್ ಆಯಿತು.”

ಹಾಗೆಂದವರೇ ಒಂದು ಕ್ಷಣ ತಮ್ಮ ಕೋಷ್ಟಕ ನೋಡಿದರು. ಬರೆದದ್ದಕ್ಕೆ ಬಾಣ ಎಳೆದು ಮೂರನೇ ಕಾಲಂಗೆ ಸಾಗಿಸಿ, ನಡುವಿನ ಮನೆ ಖಾಲಿ ಬಿಟ್ಟುಕೊಂಡು, ನಾಳೆ ಮೊದಲ ಪಿರಿಯಡ್ ಮತ್ತೆ ಅದೇ ತರಗತಿಗೆ ಹೋಗಬಹುದಾ ಎಂದು ಕೇಳಿದರು.